ಬಾಡಿಗೆ ಪ್ರಿಂಟರ್ ಇಟ್ಟುಕೊಂಡವರೇ, ರಿಮೋಟ್ ರೀಡಿಂಗ್ ನಂಬಿ ಬಿಲ್ ಕಟ್ಟಬೇಡಿ

ನಮ್ಮದು ಹುಬ್ಬಳ್ಳಿಯಲ್ಲಿ ಒಂದು ಆಡಿಟ್ ಕಚೇರಿ. ಮೂರು ಮಹಡಿ, ಏಳು ಪ್ರಿಂಟರ್, ಎಲ್ಲವೂ ಬಾಡಿಗೆಯವು. ಪುಟಕ್ಕೆ 60 ಪೈಸೆ. ಟೋನರ್ ಬಾಡಿಗೆಗೆ ಕೊಟ್ಟವರದ್ದು, ಕಾಗದ ನಮ್ಮದು. ಮೊದಲೆಲ್ಲ ತಿಂಗಳ ಕೊನೆಗೆ ಒಬ್ಬ ಹುಡುಗ ಬಂದು ಪ್ರತಿ ಮಷಿನ್‌ನ ಮೀಟರ್ ಬರೆದುಕೊಂಡು, ನಮ್ಮ ಸಹಿ ತಗೊಂಡು ಹೋಗುತ್ತಿದ್ದ. ಆಮೇಲೆ ಬಾಡಿಗೆಯವರು ರಿಸೆಪ್ಶನ್ ಕಂಪ್ಯೂಟರಿಗೆ ಒಂದು ಸಣ್ಣ ಸಾಫ್ಟ್‌ವೇರ್ ಹಾಕಿದರು. ಅದು ಎಸ್‌ಎನ್‌ಎಂಪಿ ಅನ್ನುವ ನೆಟ್‌ವರ್ಕ್ ಪದ್ಧತಿಯ ಮೂಲಕ ಏಳೂ ಪ್ರಿಂಟರುಗಳನ್ನು ವಿಚಾರಿಸಿ, ಪುಟ ಎಷ್ಟು, ಟೋನರ್ ಎಷ್ಟು ಅಂತ ಅವರ ಡ್ಯಾಶ್‌ಬೋರ್ಡಿಗೆ ಕಳಿಸುತ್ತದೆ. ಹುಡುಗ ಬರುವುದು ನಿಂತಿತು. ಸಹಿಯೂ ನಿಂತಿತು.

ಒಂದು ತಿಂಗಳ ಬಿಲ್‌ನಲ್ಲಿ ಎರಡನೇ ಮಹಡಿಯ ಸಣ್ಣ ಪ್ರಿಂಟರಿನ ಎದುರು 1,22,680 ಪುಟ ಅಂತ ಇತ್ತು. ಅದೊಂದಕ್ಕೇ 73,608 ರೂಪಾಯಿ.

ಫೋನ್ ಮಾಡಿದರೆ ಆ ಕಡೆಯಿಂದ ಬಂದ ಉತ್ತರ: "ಸರ್ರ, ಮಷಿನ್ ಸುಳ್ಳ ಹೇಳೂದಿಲ್ರಿ. ಆಟೋಮ್ಯಾಟಿಕ್ ರೀಡಿಂಗ್ ಅದ."

ಮಷಿನ್ ಸುಳ್ಳು ಹೇಳಿರಲಿಲ್ಲ, ಆ ಮಾತು ನಿಜ. ಆದರೆ ಯಾವ ಮಷಿನ್ ಮಾತಾಡುತ್ತಿದೆ ಅಂತ ಯಾರೂ ಕೇಳಿರಲಿಲ್ಲ.

ಮೊದಲು ಕಾಗದದ ಲೆಕ್ಕ ತೆಗೆದೆವು. 1,22,680 ಪುಟ ಅಂದರೆ ಒಂದೇ ಬದಿ ಹೊಡೆದರೆ 245 ರೀಮ್, ಎರಡೂ ಬದಿ ಹೊಡೆದರೂ 120ಕ್ಕಿಂತ ಜಾಸ್ತಿ. ಇಡೀ ಕಚೇರಿಗೆ ಆ ತಿಂಗಳು ಅದರ ಹತ್ತಿರಕ್ಕೂ ಬರುವಷ್ಟು ಕಾಗದ ತರಿಸಿರಲಿಲ್ಲ. ಅಷ್ಟು ಹೊತ್ತಿಗೆ ಬಿಲ್ ತಪ್ಪು ಅಂತ ಖಾತ್ರಿ ಆಯಿತು. ತಪ್ಪು ಎಲ್ಲಿಂದ ಬಂತು ಅನ್ನುವುದು ಉಳಿಯಿತು.

ಪ್ರಿಂಟರ್ ತನ್ನ ಜೀವಮಾನದಲ್ಲಿ ಒಟ್ಟು ಎಷ್ಟು ಹೊಡೆದಿದೆ ಅನ್ನುವುದನ್ನು ಒಂದು ಸ್ಥಿರ ವಿಳಾಸದಲ್ಲಿ ಇಟ್ಟುಕೊಂಡಿರುತ್ತದೆ. ಅದಕ್ಕೆ ಒಐಡಿ ಅಂತಾರೆ. ಪ್ರಿಂಟರ್ ಎಂಐಬಿ ಅನ್ನುವ ಸಾರ್ವತ್ರಿಕ ಪಟ್ಟಿಯಲ್ಲಿ ಇದು ಸೇರಿದೆ, ಹಾಗಾಗಿ ಬ್ರಾಂಡ್ ಯಾವುದಾದರೂ ಬಹುತೇಕ ಅದೇ ವಿಳಾಸ. ಸಾಫ್ಟ್‌ವೇರ್ ಈ ತಿಂಗಳ ಸಂಖ್ಯೆಯಿಂದ ಹೋದ ತಿಂಗಳದ್ದನ್ನು ಕಳೆಯುತ್ತದೆ, ಬಂದದ್ದನ್ನು 60 ಪೈಸೆಗೆ ಗುಣಿಸುತ್ತದೆ. ಇಷ್ಟೇ ಲೆಕ್ಕ. ತೊಂದರೆ ಇದ್ದದ್ದು, ಅವರ ಸಾಫ್ಟ್‌ವೇರ್ ಪ್ರಿಂಟರನ್ನು ಗುರುತಿಸುತ್ತಿದ್ದದ್ದು ಐಪಿ ವಿಳಾಸದಿಂದ.

ನಮ್ಮಲ್ಲಿ ಐಪಿ ಹಂಚುವುದು ರೂಟರ್. ಆ ತಿಂಗಳು ಒಂದು ದಿನ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟು, ಎಲ್ಲವೂ ಒಟ್ಟಿಗೆ ಆಫ್ ಆಗಿತ್ತು. ಸಣ್ಣ ರೂಟರುಗಳಲ್ಲಿ ಯಾರಿಗೆ ಯಾವ ಐಪಿ ಕೊಟ್ಟಿದ್ದೆ ಅನ್ನುವ ಪಟ್ಟಿ ಎಷ್ಟೋ ಸಲ ಮೆಮೊರಿಯಲ್ಲಷ್ಟೇ ಇರುತ್ತದೆ, ಆಫ್ ಆದರೆ ಅಳಿಸಿಹೋಗುತ್ತದೆ. ಕರೆಂಟ್ ಬಂದಾಗ ಸಣ್ಣ ಪ್ರಿಂಟರ್ ಬೇಗ ಎದ್ದಿತು. ಮೊದಲ ಮಹಡಿಯ ದೊಡ್ಡ ಮಷಿನ್ ಬಿಸಿಯಾಗಿ ತಯಾರಾಗಲು ಹೊತ್ತು ತಗೊಂಡಿತು. ಮೊದಲು ಕೇಳಿದವರಿಗೆ ಮೊದಲ ಐಪಿ. ಎರಡರ ವಿಳಾಸ ಅದಲು ಬದಲಾಯಿತು. ಪ್ರಿಂಟಿಂಗ್ ನಿಂತಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಆದರೆ ನಮ್ಮ ಕಂಪ್ಯೂಟರುಗಳು ಈ ಪ್ರಿಂಟರುಗಳನ್ನು ಹೆಸರಿನಿಂದ ಹುಡುಕುತ್ತವೆ, ಐಪಿಯಿಂದಲ್ಲ. ಹಾಗಾಗಿ ಯಾರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ.

ಈಗ ಲೆಕ್ಕ ನೋಡಿ. ದೊಡ್ಡ ಮಷಿನ್ ಹೋದ ತಿಂಗಳು 1,82,300, ಈ ತಿಂಗಳು 1,84,210. ಅಂದರೆ 1,910 ಪುಟ. ಸಣ್ಣದು 61,530 ಇದ್ದದ್ದು 63,480 ಆಗಿದೆ, 1,950 ಪುಟ. ಎರಡೂ ಸೇರಿ 3,860 ಪುಟ, 2,316 ರೂಪಾಯಿ. ಆದರೆ ಸಣ್ಣದರ ಹಳೇ ಐಪಿಯಲ್ಲಿ ಈಗ ದೊಡ್ಡದು ಕೂತಿದೆ. ಸಾಫ್ಟ್‌ವೇರ್ 1,84,210ರಿಂದ 61,530 ಕಳೆಯಿತು, 1,22,680 ಬಂತು. ದೊಡ್ಡದರ ಹಳೇ ಐಪಿಯಲ್ಲಿ 63,480ರಿಂದ 1,82,300 ಕಳೆದಾಗ ಮೈನಸ್ 1,18,820 ಬಂತು.

ಆ ಮೈನಸ್ ಹಾಗೇ ಬಿಟ್ಟಿದ್ದರೆ ಎರಡೂ ಕೂಡಿ ಸರಿಯಾಗಿ 3,860 ಆಗುತ್ತಿತ್ತು, ಬೇಕಾದರೆ ಕೂಡಿಸಿ ನೋಡಿ. ಆದರೆ ಅವರ ಸಾಫ್ಟ್‌ವೇರ್ ಮೈನಸ್ ಬಂದಲ್ಲಿ ಸುಮ್ನೆ ಸೊನ್ನೆ ಹಾಕುತ್ತದೆ. ಮೀಟರ್ ಹಿಂದಕ್ಕೆ ಹೋಗಿದೆ ಅಂದರೆ ಏನೋ ಎಡವಟ್ಟಾಗಿದೆ ಅಂತ ಅರ್ಥ. ಅಲ್ಲೇ ಕೆಂಪು ದೀಪ ಹತ್ತಬೇಕಿತ್ತು. ಸೊನ್ನೆ ಹಾಕಿದ್ದರಿಂದ ಗ್ರಾಹಕನಿಗೆ ಬರಬೇಕಾದ್ದು ಮಾಯ, ಅವರಿಗೆ ಬರಬೇಕಾದ್ದು ಮಾತ್ರ ಉಳಿಯಿತು. ಬೇಕಂತಲೇ ಮಾಡಿದ್ದು ಅಂತ ನಾನು ಹೇಳಲ್ಲ. ಆದರೆ ಇಂಥ ತಪ್ಪುಗಳು ಯಾವಾಗಲೂ ಒಂದೇ ಕಡೆ ವಾಲುತ್ತವೆ, ಅಲ್ವಾ?

ನಿಮ್ಮಲ್ಲಿ ಹೀಗಾಗಿದೆಯಾ ಅಂತ ನೋಡಲು ಒಂದೇ ಕಮಾಂಡ್ ಸಾಕು. ಉಬುಂಟುವಿನಂಥ ಲಿನಕ್ಸ್ ಕಂಪ್ಯೂಟರಿನಲ್ಲಿ `snmp` ಪ್ಯಾಕೇಜ್ ಹಾಕಿಕೊಂಡು, ಐಪಿ ಜಾಗದಲ್ಲಿ ನಿಮ್ಮ ಪ್ರಿಂಟರಿನದನ್ನು ಹಾಕಿ ಹೀಗೆ ಕೇಳಿ:

```
snmpget -v2c -c public 192.168.10.21 \
  1.3.6.1.2.1.43.5.1.1.17.1 \
  1.3.6.1.2.1.43.10.2.1.3.1.1 \
  1.3.6.1.2.1.43.10.2.1.4.1.1
```

ಮೊದಲನೆಯದು ಸೀರಿಯಲ್ ನಂಬರ್. ಅದು ಮಷಿನ್ ಹಿಂದಿನ ಸ್ಟಿಕರ್ ಜೊತೆ ತಾಳೆ ಆಗಬೇಕು. ಮೂರನೆಯದು ಒಟ್ಟು ಎಣಿಕೆ. ನಡುವಿನದು ಆ ಎಣಿಕೆ ಯಾವ ಲೆಕ್ಕದ್ದು ಅಂತ ಹೇಳುತ್ತದೆ: 7 ಬಂದರೆ ಹೊಡೆದ ಬದಿಗಳು, 8 ಬಂದರೆ ಹಾಳೆಗಳು. ಎರಡೂ ಬದಿ ಹೊಡೆಯುವ ಕಚೇರಿಯಲ್ಲಿ ಈ ವ್ಯತ್ಯಾಸ ಬಿಲ್ಲನ್ನು ದುಪ್ಪಟ್ಟು ಮಾಡಬಹುದು, ಹಾಗಾಗಿ ಕರಾರಿನಲ್ಲಿ "ಪುಟ" ಅಂದರೆ ಏನು ಅಂತ ಬರೆಸಿಕೊಳ್ಳಿ. ಕೆಲವು ಪ್ರಿಂಟರುಗಳು ಸೀರಿಯಲ್ ಜಾಗದಲ್ಲಿ ಖಾಲಿ ಉತ್ತರ ಕೊಡುತ್ತವೆ. ಆಗ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸದಿಂದ ಗುರುತು ಹಿಡಿಯಬೇಕು.

ಬಾಡಿಗೆಯವರು ಒಪ್ಪಿದ್ದು ಇದರಿಂದಲ್ಲ, ಕಾಗದದಿಂದ. ಎರಡೂ ಪ್ರಿಂಟರಿನ ಮೆನುವಿನಿಂದಲೇ ಕಾನ್ಫಿಗರೇಶನ್ ಪೇಜ್ ಹೊಡೆದೆವು. ಅದರಲ್ಲಿ ಸೀರಿಯಲ್ಲೂ ಪುಟದ ಎಣಿಕೆಯೂ ಒಂದೇ ಹಾಳೆಯಲ್ಲಿ ಇರುತ್ತವೆ. ಹಳೇ ಹುಡುಗ ಬರೆದು ಸಹಿ ಹಾಕಿಸಿಕೊಂಡಿದ್ದ ಪುಸ್ತಕದಲ್ಲೂ ಸೀರಿಯಲ್ ಪ್ರಕಾರವೇ ಎಂಟ್ರಿ ಇತ್ತು. ಇವೆರಡನ್ನೂ ಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಕ್ರೆಡಿಟ್ ನೋಟ್ ಬಂತು. ಅಷ್ಟರಲ್ಲಿ ಬಿಲ್ ಕಟ್ಟಿಲ್ಲ ಅಂತ ಟೋನರ್ ಕಳಿಸುವುದನ್ನು ತಡೆಹಿಡಿದಿದ್ದರು, ಅದು ಬೇರೆ ಕಥೆ.

ಟೋನರ್ ವಿಷಯ ಬಂತಲ್ಲ, ಅದೂ ಹೇಳಿಬಿಡುತ್ತೇನೆ. ಸೆಪ್ಟೆಂಬರ್ ಕೊನೆಯ ವಾರ ಆಡಿಟ್ ಕಚೇರಿಯಲ್ಲಿ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಮೂರನೇ ಮಹಡಿಯ ಪ್ರಿಂಟರ್ ಮಸುಕಾಗಿ ಹೊಡೆಯಲು ಶುರು ಮಾಡಿ, ರಾತ್ರಿ ಹೊತ್ತಿಗೆ ಬಿಳಿ ಹಾಳೆ ಉಗುಳತೊಡಗಿತು. ಡ್ಯಾಶ್‌ಬೋರ್ಡ್ ತೆಗೆದರೆ ಹಸಿರು ಪಟ್ಟಿ, 100 ಪರ್ಸೆಂಟ್. ಟೋನರ್ ತಾನಾಗಿ ಬರುತ್ತದೆ ಅಂತ ಒಪ್ಪಂದ ಇದ್ದದ್ದರಿಂದ ಕಚೇರಿಯಲ್ಲಿ ಸ್ಪೇರ್ ಇಟ್ಟಿರಲಿಲ್ಲ. ಆ ಪ್ರಿಂಟರನ್ನು ನೇರವಾಗಿ ಕೇಳಿದಾಗ ಬಂದ ಉತ್ತರ ಇದು:

```
$ snmpwalk -v2c -c public -On 192.168.10.25 1.3.6.1.2.1.43.11.1.1
...
.1.3.6.1.2.1.43.11.1.1.6.1.1 = STRING: "Black Toner"
.1.3.6.1.2.1.43.11.1.1.8.1.1 = INTEGER: -2
.1.3.6.1.2.1.43.11.1.1.9.1.1 = INTEGER: -3
```

8ನೇ ಕಾಲಂ ಅಂದರೆ ತುಂಬಿದಾಗ ಎಷ್ಟು ಹಿಡಿಯುತ್ತದೆ, 9ನೇದು ಅಂದರೆ ಈಗ ಎಷ್ಟಿದೆ. ಇಲ್ಲಿ ಮೈನಸ್ ಬಂದರೆ ಅದು ಪ್ರಮಾಣ ಅಲ್ಲ, ಸಂಕೇತ. -2 ಅಂದರೆ "ಗೊತ್ತಿಲ್ಲ". -3 ಅಂದರೆ "ಸ್ವಲ್ಪ ಇದೆ, ಎಷ್ಟು ಅಂತ ಹೇಳಲಾರೆ". ಎಲ್ಲ ಪ್ರಿಂಟರಿನಲ್ಲೂ ಟೋನರ್ ಅಳೆಯುವ ವ್ಯವಸ್ಥೆ ಇರುವುದಿಲ್ಲ. ಕಡಿಮೆ ಬೆಲೆಯ ಮಾಡೆಲ್‌ಗಳು, ರೀಫಿಲ್ ಮಾಡಿದ ಕಾರ್ಟ್ರಿಡ್ಜ್‌ಗಳು ಹೀಗೆ ಉತ್ತರಿಸುವುದು ಮಾಮೂಲು. ಪ್ರಿಂಟರ್ ಪ್ರಾಮಾಣಿಕವಾಗಿಯೇ ಗೊತ್ತಿಲ್ಲ ಅಂದಿತ್ತು. ಡ್ಯಾಶ್‌ಬೋರ್ಡ್ ಮಾತ್ರ -3ನ್ನು -2ರಿಂದ ಭಾಗಿಸಿ, ನೂರರಿಂದ ಗುಣಿಸಿ, 150 ಪರ್ಸೆಂಟ್ ಬಂದದ್ದನ್ನು ನೂರಕ್ಕೆ ಇಳಿಸಿ ಹಸಿರು ಬಳಿದಿತ್ತು. ಹಳೆಯ ದಾಖಲೆ ತೆಗೆದು ನೋಡಿದರೆ ಆ ಪ್ರಿಂಟರ್ ಶುರುವಿನಿಂದಲೂ ನೂರರಲ್ಲೇ ನಿಂತಿತ್ತು. ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಯಾವುದಾದರೂ ಪ್ರಿಂಟರಿನ ಟೋನರ್ ವಾರಗಟ್ಟಲೆ ಕದಲದೇ ಇದ್ದರೆ ಮೊದಲು ಇದನ್ನೇ ಅನುಮಾನಿಸಿ.

ಇಂಥ ಪ್ರಿಂಟರಿಗೆ ಪರ್ಸೆಂಟ್ ಕೇಳುವುದು ಬಿಟ್ಟು, "ಟೋನರ್ ಕಮ್ಮಿ" ಅಂತ ಅದೇ ಎಚ್ಚರಿಸುತ್ತಿದೆಯಾ ಅಂತ ಕೇಳಬೇಕು:

```
snmpwalk -v2c -c public -Ox 192.168.10.25 \
  1.3.6.1.2.1.25.3.5.1.2
```

ಉತ್ತರದ ಮೊದಲ ಬೈಟ್ `20` ಬಂದರೆ ಟೋನರ್ ಕಮ್ಮಿ, `10` ಬಂದರೆ ಖಾಲಿ. ಜೊತೆಗೆ ಬೇರೆ ತೊಂದರೆಯೂ ಇದ್ದರೆ ಸಂಖ್ಯೆಗಳು ಕೂಡಿಕೊಂಡು ಬರುತ್ತವೆ: ಕಾಗದ ಇಲ್ಲದ್ದಕ್ಕೆ `40`, ಎರಡೂ ಇದ್ದರೆ `60`. `-Ox` ಬಿಡಬೇಡಿ. ಹೆಕ್ಸ್‌ನಲ್ಲಿ 20 ಅಂದರೆ ಅಕ್ಷರಗಳ ಲೆಕ್ಕದಲ್ಲಿ ಸ್ಪೇಸ್. ಅದಿಲ್ಲದೆ ಕೇಳಿದರೆ ಕೆಲವೊಮ್ಮೆ ಪರದೆ ಮೇಲೆ `STRING: " "` ಅಂತಷ್ಟೇ ಬರುತ್ತದೆ. ಖಾಲಿ ಉತ್ತರ, ಏನೂ ತೊಂದರೆಯಿಲ್ಲ ಅಂದುಕೊಂಡು ಮುಂದೆ ಹೋಗುವವರೇ ಜಾಸ್ತಿ. ನಿಜಕ್ಕೂ ಅದು ಟೋನರ್ ಮುಗಿಯುತ್ತಿದೆ ಅನ್ನುವ ಕೂಗು. ಇನ್ನೊಂದು ದಾರಿ, ಕಾರ್ಟ್ರಿಡ್ಜ್ ಬದಲಿಸಿದ ದಿನದ ಪುಟದ ಎಣಿಕೆ ಬರೆದಿಟ್ಟು ಅಲ್ಲಿಂದ ಲೆಕ್ಕ ಹಾಕುವುದು. ಡಬ್ಬಿ ಮೇಲಿನ ಪುಟಗಳ ಸಂಖ್ಯೆ ಹಾಳೆಯ ಸುಮಾರು 5 ಪರ್ಸೆಂಟ್ ಜಾಗದಲ್ಲಿ ಮಸಿ ಬಿದ್ದಾಗಿನದು. ನಮ್ಮ ಬ್ಯಾಲೆನ್ಸ್ ಶೀಟ್, ಗೆರೆ ತುಂಬಿದ ಟೇಬಲ್‌ಗಳಿಗೆ ಅಷ್ಟು ಬಾಳಿಕೆ ಬರಲ್ಲ. ಹಾಗಾಗಿ ಡಬ್ಬಿ ಲೆಕ್ಕದ ಅರ್ಧ ದಾಟಿದ ಕೂಡಲೇ ಸ್ಪೇರ್ ತರಿಸುತ್ತೇವೆ.

ಮೇಲಿನ ಕಮಾಂಡುಗಳಲ್ಲಿ `public` ಅಂತ ಇರುವುದು ಪಾಸ್‌ವರ್ಡಿನಂಥ ಪದ. ಬಹಳಷ್ಟು ಪ್ರಿಂಟರುಗಳು ಇದೇ ಪದದೊಂದಿಗೆ ಬರುತ್ತವೆ, ಮತ್ತು `-v2c` ಅನ್ನುವ ಈ ಆವೃತ್ತಿಯಲ್ಲಿ ಅದು ನೆಟ್‌ವರ್ಕಿನಲ್ಲಿ ಮುಚ್ಚುಮರೆಯಿಲ್ಲದೆ ಹೋಗುತ್ತದೆ. "ರೂಟರಿನಲ್ಲಿ 161 ಪೋರ್ಟ್ ಓಪನ್ ಮಾಡಿಕೊಡಿ, ನಾವು ಹೊರಗಿನಿಂದಲೇ ನೋಡ್ತೀವಿ" ಅಂತ ಯಾರಾದರೂ ಕೇಳಿದರೆ ಆಗಲ್ಲ ಅನ್ನಿ. ಒಳಗಿನ ಕಂಪ್ಯೂಟರಿನಲ್ಲಿ ಕೂತ ಸಾಫ್ಟ್‌ವೇರ್ ಮಾಹಿತಿಯನ್ನು ಹೊರಗೆ ಕಳಿಸಲು ಆ ಬಾಗಿಲು ಬೇಕಾಗಿಲ್ಲ.

ಈಗ ನಮ್ಮಲ್ಲಿ ಏಳೂ ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ ರೂಟರಿನಲ್ಲಿ ಐಪಿ ಕಾಯ್ದಿರಿಸಿದ್ದೇವೆ, ಕರೆಂಟ್ ಹೋದರೂ ಅದಲು ಬದಲಾಗಲ್ಲ. ಕರಾರಿಗೆ ಮೂರು ಸಾಲು ಸೇರಿಸಿದ್ದೇವೆ. ಬಿಲ್ ಸೀರಿಯಲ್ ನಂಬರ್ ಪ್ರಕಾರ ಇರಬೇಕು, ಹಳೇ ಮತ್ತು ಹೊಸ ರೀಡಿಂಗ್ ಎರಡನ್ನೂ ತಾರೀಖಿನೊಂದಿಗೆ ತೋರಿಸಬೇಕು. ಮೀಟರ್ ಹಿಂದಕ್ಕೆ ಹೋದರೆ ಅಥವಾ ಮದರ್‌ಬೋರ್ಡ್ ಬದಲಿಸಿದರೆ ಆ ತಿಂಗಳು ಕಾನ್ಫಿಗರೇಶನ್ ಪೇಜ್ ಇಲ್ಲದೆ ಬಿಲ್ ಮಾಡುವಂತಿಲ್ಲ. ಡ್ಯಾಶ್‌ಬೋರ್ಡ್ ಏನೇ ಹೇಳಲಿ, ಪ್ರತಿ ಮಹಡಿಯಲ್ಲಿ ಒಂದು ಸ್ಪೇರ್ ಟೋನರ್ ಇರಲೇಬೇಕು. ಮೂರನೆಯದಕ್ಕೇ ಅವರು ಜಾಸ್ತಿ ಗೊಣಗಿದ್ದು.