ಅಟಲ್ ಪಿಂಚಣಿಯೋ, ಎನ್‌ಪಿಎಸ್ಸೋ: ಉದ್ಯಮಬಾಗದ ಸಂಬಳದಾರನೊಬ್ಬನ ಲೆಕ್ಕ

ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲೇ ಅಟಲ್ ಪಿಂಚಣಿ ಯೋಜನೆಗೆ ಹೆಸರು ಬರೆಸಿದೆ. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್ ಖಾತೆ ತೆರೆದದ್ದು ಆಮೇಲೆ. ಎರಡೂ ಇನ್ನೂ ನಡೆಯುತ್ತಿವೆ, ಆದರೆ ನನ್ನ ಒಲವು ಎನ್‌ಪಿಎಸ್ ಕಡೆಗೆ.

ಭರವಸೆಯ ವಿಷಯದಲ್ಲಿ ಅಟಲ್ ಪಿಂಚಣಿಗೆ ಸಾಟಿಯಿಲ್ಲ. 25ನೇ ವಯಸ್ಸಿನಲ್ಲಿ ಸೇರಿ ತಿಂಗಳಿಗೆ 376 ರೂಪಾಯಿ ಕಟ್ಟುತ್ತಾ ಹೋದವನಿಗೆ 60ರ ನಂತರ ತಿಂಗಳಿಗೆ 5,000 ರೂಪಾಯಿ ಖಚಿತ. ಅವನ ನಂತರ ಹೆಂಡತಿಗೂ ಅಷ್ಟೇ ಪಿಂಚಣಿ, ಇಬ್ಬರೂ ಹೋದ ಮೇಲೆ ನಾಮಿನಿಗೆ ಎಂಟೂವರೆ ಲಕ್ಷ. ಆದರೆ 5,000ವೇ ಗರಿಷ್ಠ ಮಿತಿ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ, 35 ವರ್ಷಗಳ ನಂತರದ ಆ 5,000ಕ್ಕೆ ಇಂದಿನ ಸುಮಾರು 650 ರೂಪಾಯಿಯ ಬೆಲೆ. ಅಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಕೂಡ ಬರುವುದಿಲ್ಲ.

ನನ್ನನ್ನು ನಿಜಕ್ಕೂ ಕಾಡಿದ್ದು ಬ್ಯಾಂಕ್ ಖಾತೆ. ಅಟಲ್ ಪಿಂಚಣಿಯ ಕಂತು ಉಳಿತಾಯ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಕೆಲಸ ಬದಲಾಯಿಸಿದಾಗ ಹೊಸ ಕಾರ್ಖಾನೆಯವರು ಬೇರೆ ಬ್ಯಾಂಕಿನಲ್ಲಿ ಸಂಬಳದ ಖಾತೆ ತೆರೆಸಿದರು. ಹಳೆಯ ಖಾತೆ ಖಾಲಿಯಾಯಿತು. ಕಂತು ತಪ್ಪಿದರೆ ಪ್ರತಿ ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಸೇರುತ್ತದೆ. ದಂಡ ಚಿಕ್ಕದೇ. ಕಿರಿಕಿರಿಯಾಗುವುದು ಬೇರೆಡೆ: ಬೇರೆ ಕೆಲಸಕ್ಕೆಂದು ಆ ಖಾತೆಗೆ ಹಣ ಹಾಕಿದ ಕೂಡಲೇ ಬಾಕಿ ಕಂತುಗಳೆಲ್ಲ ಬಡ್ಡಿಸಮೇತ ಕಡಿತವಾಗುತ್ತವೆ. ಮನೆ ಬಾಡಿಗೆಗೆಂದು ಇಟ್ಟ ಹಣ ಹೀಗೆ ಕರಗಿದಾಗ ಮಾಲೀಕರಿಗೆ ಪಿಂಚಣಿ ಯೋಜನೆಯ ಕಥೆ ಹೇಳಿ ಪ್ರಯೋಜನವಿಲ್ಲ. ಈಗ ಪ್ರತಿ ತಿಂಗಳು ಸಂಬಳವಾದ ದಿನವೇ ಅಲ್ಲಿಗೆ 400 ರೂಪಾಯಿ ವರ್ಗಾಯಿಸುವಂತೆ ಸ್ಥಾಯಿ ಸೂಚನೆ ಕೊಟ್ಟಿದ್ದೇನೆ.

ಎನ್‌ಪಿಎಸ್‌ನಲ್ಲಿ ಈ ತೊಡಕಿಲ್ಲ. ಪ್ರಾನ್ ಎಂಬ ಪಿಂಚಣಿ ಖಾತೆ ಸಂಖ್ಯೆ ನನ್ನದು. ಕೆಲಸ, ಬ್ಯಾಂಕ್ ಬದಲಾದರೂ ಅದು ಬದಲಾಗುವುದಿಲ್ಲ. ವರ್ಷಕ್ಕೆ ಕನಿಷ್ಠ 1,000 ರೂಪಾಯಿ ಹಾಕಿದರೆ ಖಾತೆ ಜೀವಂತ. ಓವರ್‌ಟೈಮ್ ಸಿಕ್ಕ ತಿಂಗಳು ಹೆಚ್ಚು ಹಾಕುತ್ತೇನೆ, ಊರಲ್ಲಿ ಮದುವೆ ಇದ್ದ ತಿಂಗಳು ಸುಮ್ಮನಿರುತ್ತೇನೆ.

ಬೆಳವಣಿಗೆಗೆ ಮಾತ್ರ ಯಾರ ಖಾತರಿಯೂ ಇಲ್ಲ. 2020ರ ಮಾರ್ಚ್‌ನಂತೆ ಷೇರುಪೇಟೆ ಕುಸಿದರೆ ಖಾತೆಯೂ ಕುಸಿಯುತ್ತದೆ. ಅದೇ 376 ರೂಪಾಯಿ ಸರಾಸರಿ ಶೇ 9ರಂತೆ ಬೆಳೆದರೆ 35 ವರ್ಷಕ್ಕೆ ಸುಮಾರು 11 ಲಕ್ಷ. ಶೇ 8ರಲ್ಲಿ ನಿಂತರೆ ಎಂಟೂವರೆ ಲಕ್ಷದ ಆಸುಪಾಸು, ಅಂದರೆ ಅಟಲ್ ಪಿಂಚಣಿಯ ನಾಮಿನಿ ಮೊತ್ತದಷ್ಟೇ. ಹಾಗಾಗಿ ಎನ್‌ಪಿಎಸ್‌ನ ಲಾಭವೆಲ್ಲ ಇರುವುದು ಸಂಬಳದ ಜೊತೆಗೆ ಕಂತನ್ನೂ ಏರಿಸಬಲ್ಲೆ ಎಂಬುದರಲ್ಲಿ. 376ರಲ್ಲೇ ಉಳಿಯುವವನಿಗೆ ಅಟಲ್ ಪಿಂಚಣಿಯೇ ಲೇಸು.

ಎರಡರಲ್ಲೂ ಹಣ ದೀರ್ಘಕಾಲ ಹೆಚ್ಚುಕಡಿಮೆ ಬಂಧಿ.

ತಿಂಗಳಿಗೆ 1,500 ರೂಪಾಯಿ ತೆಗೆದಿಡಬಲ್ಲ ನಾನು 376ನ್ನು ಅಟಲ್ ಪಿಂಚಣಿಗೆ ಬಿಟ್ಟು ಉಳಿದದ್ದನ್ನು ಎನ್‌ಪಿಎಸ್‌ಗೆ ಹಾಕುತ್ತೇನೆ. ಆದಾಯ ತೆರಿಗೆ ಕಟ್ಟುವವರಿಗೆ ಈ ಹಂಚಿಕೆ ಸಾಧ್ಯವಿಲ್ಲ: 2022ರ ಅಕ್ಟೋಬರ್ 1ರಿಂದ ಅವರು ಅಟಲ್ ಪಿಂಚಣಿಗೆ ಹೊಸದಾಗಿ ಸೇರುವಂತಿಲ್ಲ.