ಒಂದೇ ಮೊತ್ತದ ಎನ್‌ಪಿಎ, ಎರಡು ಬ್ಯಾಂಕುಗಳು

ಷೇರು ಕೊಳ್ಳಲೆಂದು ಎರಡು ವಾಣಿಜ್ಯ ಬ್ಯಾಂಕುಗಳನ್ನು ಹೋಲಿಸುತ್ತಿದ್ದೀರಿ, ಎರಡರಲ್ಲೂ ಒಟ್ಟು ಎನ್‌ಪಿಎ 100 ಕೋಟಿ ರೂಪಾಯಿ ಇದೆ, ಎಲ್ಲಕ್ಕೂ ಪೂರ್ಣ ಅಡಮಾನವಿದೆ ಎಂದುಕೊಳ್ಳೋಣ. ಕಂತು 90 ದಿನಗಳಿಗಿಂತ ಹೆಚ್ಚು ಕಾಲ ಬಾಕಿ ಉಳಿದಾಗ ಸಾಲ ಎನ್‌ಪಿಎ ಆಗುತ್ತದೆ. ಆಮೇಲೆ ಲಾಭದಿಂದ ಎಷ್ಟು ತೆಗೆದಿರಿಸಬೇಕೆಂಬುದನ್ನು ರಿಸರ್ವ್ ಬ್ಯಾಂಕಿನ ನಿಯಮಗಳು ಮುಖ್ಯವಾಗಿ ಬಾಕಿಯ ವಯಸ್ಸಿನ ಮೇಲೆ ನಿರ್ಧರಿಸುತ್ತವೆ.

ಮೊದಲ ಬ್ಯಾಂಕಿನ ಸಾಲಗಳು ಎನ್‌ಪಿಎ ಆಗಿ ಇನ್ನೂ 12 ತಿಂಗಳು ತುಂಬಿಲ್ಲ. ಕನಿಷ್ಠ ಮೀಸಲು ಶೇ. 15, ಆದ್ದರಿಂದ ನಿವ್ವಳ ಎನ್‌ಪಿಎ 85 ಕೋಟಿ. ವಸೂಲಾಗದೆ ವರ್ಷ ದಾಟಿದರೆ ಅವು ಸಂಶಯಾಸ್ಪದ ವರ್ಗಕ್ಕೆ ಸೇರಿ ಮೀಸಲು ಶೇ. 25ಕ್ಕೂ, ಇನ್ನೊಂದು ವರ್ಷದ ನಂತರ ಶೇ. 40ಕ್ಕೂ, ಆ ವರ್ಗದಲ್ಲಿ ಮೂರು ವರ್ಷ ಕಳೆದ ಮೇಲೆ ಶೇ. 100ಕ್ಕೂ ಏರುತ್ತದೆ. ಅಂದರೆ ಕೊನೆಯ ಒಂದೇ ಜಿಗಿತದಲ್ಲಿ 60 ಕೋಟಿ ಲಾಭ ಕರಗಬಹುದು. ಅಡಮಾನದ ಬೆಲೆಯೂ ಕುಸಿದರೆ ಹೊಡೆತ ಬೇಗ ಬೀಳುತ್ತದೆ: ಸಂಶಯಾಸ್ಪದವಾದ ಮೊದಲ ವರ್ಷದಲ್ಲೇ ಆಸ್ತಿ 70 ಕೋಟಿಯಷ್ಟೇ ಬೆಲೆಬಾಳಿದರೆ, ಭದ್ರತೆಯಿಲ್ಲದ 30 ಕೋಟಿಗೆ ಪೂರ್ತಿ, ಉಳಿದದ್ದಕ್ಕೆ ಶೇ. 25, ಒಟ್ಟು 47.5 ಕೋಟಿ ಬೇಕು.

ಎರಡನೆಯ ಬ್ಯಾಂಕಿನವು ಆ ಕೊನೆಯ ಹಂತ ದಾಟಿದ ಸಾಲಗಳು. ನಿವ್ವಳ ಎನ್‌ಪಿಎ ಸೊನ್ನೆ. ಇನ್ನು ವಸೂಲಾದದ್ದು ಲಾಭಕ್ಕೇ ಸೇರುತ್ತದೆ. ಹಾಗೆಂದು ಅದು ಒಳ್ಳೆಯ ಸಾಲಗಾರರನ್ನು ಆರಿಸಿತ್ತೆಂದು ಅರ್ಥವಲ್ಲ, ಎಳೆಯ ಬಾಕಿ ವಸೂಲಾಗುವ ಸಾಧ್ಯತೆ ಹಳೆಯದಕ್ಕಿಂತ ಸಾಮಾನ್ಯವಾಗಿ ಹೆಚ್ಚು.

ನನ್ನ ಆಯ್ಕೆ ಎರಡನೆಯದು, ಆದರೆ ಅದರ ವಾರ್ಷಿಕ ವರದಿಯಲ್ಲಿ ವರ್ಷದೊಳಗೆ ಹೊಸದಾಗಿ ಸೇರಿದ ಎನ್‌ಪಿಎ ಕಡಿಮೆಯಿದ್ದರೆ ಮಾತ್ರ.