ಇನ್, ಆನ್, ಅಟ್: ಯಾವುದು ಎಲ್ಲಿಗೆ?

ಕನ್ನಡದ ‘ಅಲ್ಲಿ’ ಬಸ್ಸಿಗೂ ಆಟೊಗೂ ಸಾಲುತ್ತದೆ, ಇಂಗ್ಲಿಷ್‌ಗೆ ಸಾಲದು. ಮೆಜೆಸ್ಟಿಕ್‌ಗೆ ಹೊರಟವರು ಬಸ್ಸಿನಲ್ಲಿದ್ದರೆ ‘ಆನ್ ದ ಬಸ್’, ಆಟೊದಲ್ಲಿದ್ದರೆ ‘ಇನ್ ಆ್ಯನ್ ಆಟೊ’. ಎದ್ದು ಓಡಾಡಬಹುದಾದ ವಾಹನಕ್ಕೆ ಆನ್, ಮೈ ಮುದುರಿ ಕೂರಬೇಕಾದುದಕ್ಕೆ ಇನ್. ಬೈಕಿಗೂ ಆನ್, ಅದರ ಮೇಲೇ ಕೂರುತ್ತೇವಲ್ಲ! ಇನ್ನೂ ಕಾಯುತ್ತಲೇ ಇದ್ದರೆ ‘ಅಟ್ ದ ಬಸ್ ಸ್ಟಾಪ್’, ಏಕೆಂದರೆ ನಿಲ್ದಾಣವನ್ನು ಒಂದು ಚುಕ್ಕೆಯಂತೆ ಕಾಣುತ್ತೇವೆ. ಊರು ನಮ್ಮನ್ನು ಒಳಗಿಟ್ಟುಕೊಳ್ಳುತ್ತದೆ, ಹಾಗಾಗಿ ‘ಇನ್ ಬೆಂಗಳೂರು’.

ಕಾಲಕ್ಕೆ ಬಂದರೆ ಗಡಿಯಾರಕ್ಕೆ ಅಟ್, ದಿನಕ್ಕೆ ಆನ್, ತಿಂಗಳಿಗೆ ಇನ್. ಹೆಚ್ಚಿನವರು ಎಡವುವುದು ಬೆಳಿಗ್ಗೆಯ ವಿಷಯದಲ್ಲಿ. ಬರಿಯ ಬೆಳಿಗ್ಗೆ ‘ಇನ್ ದ ಮಾರ್ನಿಂಗ್’. ಸೋಮವಾರ ಸೇರಿದೊಡನೆ ‘ಆನ್ ಮಂಡೇ ಮಾರ್ನಿಂಗ್’. ರಾತ್ರಿ ಮಾತ್ರ ಹಟಮಾರಿ: ‘ಅಟ್ ನೈಟ್’. ‘ನೆಕ್ಸ್ಟ್ ಮಂಡೇ’ ಎಂದಾಗ ಮೂರೂ ಬೇಡ.